ಸುಲೋಚನಾಬೆನ್ ಅವರ ಎಲೆ, ಹೂವು, ಹಣ್ಣು

ವಡೋದರಾದ ಮಂಜಲ್‌ಪುರದ ಒಂದು ಶಾಲೆಯ ಹೆಡ್‌ಮಾಸ್ತರರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಶಾಲೆಯ ಹೆಸರು ಹೇಳುವುದಿಲ್ಲ. ಆದರೆ ಬೆಳಿಗ್ಗೆ ತರಕಾರಿ ತರಲು ಹೋಗುವಾಗ ಆ ಬೀದಿಯನ್ನು ಬಿಟ್ಟು ಸುತ್ತು ಹಾಕಿಯೇ ಹೋಗುತ್ತೇನೆ. ಅಪ್ಪಿತಪ್ಪಿ ಅವರ ಗೇಟು ಕಂಡರೆ ನನ್ನ ಸ್ಕೂಟರಿನ ಹಾರ್ನು ತಾನಾಗಿಯೇ ಜೋರಾಗುತ್ತದೆ.

ನನ್ನ ಮಗಳು ನಮಿತಾ ಊರಲ್ಲಿ, ಬ್ರಹ್ಮಾವರದ ಹತ್ತಿರ, ಮೂರನೇ ತರಗತಿ ಪಾಸು ಮಾಡಿ ಬಂದವಳು. ನಾನು ವಡೋದರಾದಲ್ಲಿ ಬೇರೆಯವರ ಹೋಟೆಲುಗಳಲ್ಲಿ ದೋಸೆಕಲ್ಲಿನ ಮುಂದೆ ಬೆವರು ಸುರಿಸಿ, ಕೊನೆಗೆ ಮಕರ್‌ಪುರಾ ಕಾರ್ಖಾನೆಗಳನ್ನು ದಾಟಿದ ಮೇಲೆ ಹಳ್ಳಿ ರಸ್ತೆ ಒಡೆಯುವ ಜಾಗದಲ್ಲಿ ಒಂದು ಸಣ್ಣ ಹೋಟೆಲು ಹಾಕಿದ್ದೆ. ಹೋಟೆಲು ನಿಂತಿತು ಅಂತ ಗಟ್ಟಿಯಾದ ಮೇಲೆ, ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಹೆಂಡತಿ ಸುಶೀಲಾಳನ್ನೂ ಮಗಳನ್ನೂ ಕರೆಸಿಕೊಂಡೆ. ಮಗಳ ಟಿ.ಸಿ. ಹಿಡಿದುಕೊಂಡು ಆ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಟಿ.ಸಿ.ಯನ್ನು ಮಡಚಿದ ಹಾಗೆಯೇ ಮೇಜಿನ ಮೇಲೆ ಇಟ್ಟರು. ಗುಜರಾತಿ ಪುಸ್ತಕವೊಂದನ್ನು ನಮಿತಾಳ ಮುಂದೆ ಹಿಡಿದು ಓದು ಅಂದರು. ಅವಳು ಅದರ ಚಿತ್ರ ನೋಡಿದಳು. ಅಕ್ಷರವೇ ಗೊತ್ತಿಲ್ಲ, ಒಂದನೇ ತರಗತಿಗೆ ಹಾಕಿ ಅಂದರು. ಅಷ್ಟೇ. ಒಂದು ಲೆಕ್ಕ ಕೊಟ್ಟು ನೋಡಲಿಲ್ಲ, ನಿನ್ನ ಹೆಸರೇನಮ್ಮ ಅಂತಲೂ ಕೇಳಲಿಲ್ಲ.

ಒಂಬತ್ತು ವರ್ಷದ ಹುಡುಗಿ ಮೂಗು ಸೋರುವ ಮಕ್ಕಳ ನಡುವೆ ಕುಳಿತಳು. ಪುಟ್ಟ ಬೆಂಚು, ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಸ್ವಲ್ಪ ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳ ಚೀಲ ಕಾಣಲಿಲ್ಲ. ಹುಡುಕಿದರೆ ಗ್ರೈಂಡರಿನ ಹಿಂದೆ, ಉದ್ದಿನಬೇಳೆ ಮೂಟೆಯ ಸಂದಿಯಲ್ಲಿ ಸಿಕ್ಕಿತು. ನಾನು ಶಾಲೆಗೆ ಹೋಗುವುದಿಲ್ಲ, ಅಮ್ಮನ ಜೊತೆ ತೆಂಗಿನಕಾಯಿ ತುರಿಯುತ್ತೇನೆ ಅಂದಳು. ಹೊಡೆಯಲು ಕೈ ಎತ್ತಿದೆ, ಸುಶೀಲಾ ನಡುವೆ ಬಂದಳು.

"ನೀವು ಐದನೇ ಕ್ಲಾಸಿಗೆ ಬಿಟ್ಟದ್ದಲ್ವಾ? ಇವಳು ಮೂರಕ್ಕೇ ಬಿಡ್ತಾಳೆ. ಅಪ್ಪನ ಮಗಳು ಅಂತ ಹೇಳಿ ಸುಮ್ನಿರಿ" ಅಂದಳು.

ಆ ಮಾತು ನನಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದ ಹಾಗೆ ಆಯಿತು. ಹೋಟೆಲಿನವನ ಮಗಳು ಹೋಟೆಲಿನಲ್ಲೇ ಕಾಯಿ ತುರಿಯುತ್ತಾ ಉಳಿಯಬಾರದು, ಅದೊಂದಕ್ಕಾಗಿಯೇ ಅವಳನ್ನು ಇಷ್ಟು ದೂರ ಕರೆಸಿದ್ದು. ಅದೇ ಕೈಬಿಟ್ಟು ಹೋಗುತ್ತಿತ್ತು.

ಆಗ ನಮ್ಮ ಹೋಟೆಲಿಗೆ ದಿನಾ ಕಾಫಿಗೆ ಬರುತ್ತಿದ್ದವರು ಜಯತೀರ್ಥ ಅನ್ನುವ ಧಾರವಾಡ ಕಡೆಯ ಬ್ಯಾಂಕ್ ಅಧಿಕಾರಿ. ಮೆಲ್ಲಗೆ ಮಾತಾಡುವ ಮನುಷ್ಯ. ನಾನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಆ ಹೆಡ್‌ಮಾಸ್ತರರಿಗೆ ಬಯ್ಯುವುದನ್ನು ಮೂರು ದಿನ ಕೇಳಿದರು. ನಾಲ್ಕನೇ ದಿನ ಲೋಟ ಕೆಳಗಿಟ್ಟು, ತಮ್ಮ ಹೆಂಡತಿ ಈ ಹಳ್ಳಿ ಶಾಲೆಯಲ್ಲೇ ಟೀಚರ್ ಅಂದರು.

"ಬೈದ್ರ ಏನ್ ಬರತದ್ರೀ ಜನಾರ್ದನ? ನಾಳೆ ಮಗಳನ್ನ ಕರಕೊಂಡು ನಮ್ಮಕಿ ಕಡೆ ಹೋಗ್ರಿ. ಬರೇ ಆಕಿ ಮುಂದ ದನಿ ಎತ್ತಬ್ಯಾಡ್ರಿ, ಆಕಿ ದನಿ ನಿಮಗಿಂತ ಜೋರ್ ಐತಿ."

ಹೀಗೆ ನಾನು ಸುಲೋಚನಾಬೆನ್ ಅವರನ್ನು ಕಂಡದ್ದು. ಇಲ್ಲಿ ಟೀಚರಿಗೆ ಬೆನ್ ಅನ್ನುತ್ತಾರೆ, ಅಕ್ಕ ಅಂದ ಹಾಗೆ. ಮಕ್ಕಳು, ಹಾಲಿನವರು, ಸರಪಂಚ ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ತಂದೆ ರೈಲ್ವೆಯಲ್ಲಿದ್ದವರು. ಇವರು ಹುಟ್ಟಿದ್ದು, ಗುಜರಾತಿ ಶಾಲೆಯಲ್ಲಿ ಓದಿದ್ದು, ಟೀಚರ್ ತರಬೇತಿ ಮುಗಿಸಿದ್ದು ಎಲ್ಲ ವಡೋದರಾದಲ್ಲೇ. ಕನ್ನಡ ಬಾಯಲ್ಲಿ ಧಾರವಾಡದ್ದು, ಆದರೆ ಕನ್ನಡ ಪತ್ರಿಕೆ ಕೊಟ್ಟರೆ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ಅದನ್ನು ಅವರೇ ನಗುತ್ತಾ ಹೇಳುತ್ತಿದ್ದರು, ನಿಮ್ಮ ನಮಿತಾ ಗುಜರಾತಿಯಲ್ಲಿ ಹೇಗೋ ನಾನು ಕನ್ನಡದಲ್ಲಿ ಹಾಗೆ ಅಂತ. ಸಣಕಲು ಮೈ, ಒಂದು ಹಳೆಯ ಲೂನಾ ಮೊಪೆಡ್, ಸೆರಗಿನ ತುಂಬ ಸೀಮೆಸುಣ್ಣದ ಪುಡಿ.

ಶಾಲೆ ಎಂದರೆ ಒಂದೇ ಕೋಣೆ, ಮುಂದೆ ಜಗಲಿ. ಇನ್ನೊಂದು ಕೋಣೆಯ ಗೋಡೆ ಎರಡು ವರ್ಷದ ಹಿಂದಿನ ಭೂಕಂಪದಲ್ಲಿ ಬಿರುಕು ಬಿಟ್ಟಿದೆ ಅಂತ ಬೀಗ ಹಾಕಿದ್ದರು. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳೆಲ್ಲ ಆ ಕೋಣೆಯಲ್ಲೇ. ಹೆಡ್‌ಮಾಸ್ತರ್ ಪರ್ಮಾರ್ ಒಳ್ಳೆಯವರು, ಆದರೆ ಅವರನ್ನು ಸರಕಾರ ಶಾಲೆಯಲ್ಲಿ ಇರಲು ಬಿಡುತ್ತಿರಲಿಲ್ಲ. ಮತದಾರರ ಪಟ್ಟಿ, ಪೋಲಿಯೋ ಹನಿ, ತಾಲೂಕಿನ ಮೀಟಿಂಗ್. ಹಾಗಾಗಿ ನಾಲ್ಕು ತರಗತಿಗೆ ಒಬ್ಬರೇ ಬೆನ್. ಗೋಡೆಗಳ ಕೆಳಭಾಗಕ್ಕೆ, ಮಕ್ಕಳ ಕೈಗೆ ಎಟಕುವ ಎತ್ತರಕ್ಕೆ, ಸುತ್ತಲೂ ಕಪ್ಪು ಬಣ್ಣ ಬಳಿಸಿದ್ದರು. ಮಕ್ಕಳು ತರಗತಿಯ ಪ್ರಕಾರ ಸಾಲಾಗಿ ಕುಳಿತಿರಲಿಲ್ಲ, ಮೂರು ಚಾಪೆಗಳ ಮೇಲೆ ಗುಂಪಾಗಿ ಕುಳಿತಿದ್ದರು.

ಬೆನ್ ಟಿ.ಸಿ.ಯನ್ನು ಬಿಡಿಸಿ ಪೂರ್ತಿ ಓದಿದರು, ಅಕ್ಷರ ಕೂಡಿಸಿ ಕೂಡಿಸಿ. ಆಮೇಲೆ ನಮಿತಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲೇ ಮಾತಾಡಿಸಿದರು. ಅಪ್ಪನ ಹೋಟೆಲಲ್ಲಿ ಒಂದು ಪ್ಲೇಟಿಗೆ ಎಷ್ಟು ಇಡ್ಲಿ, ಐದು ಜನ ಬಂದರೆ ಎಷ್ಟು, ಒಬ್ಬ ಒಂದು ವಾಪಸ್ ಕಳಿಸಿದರೆ ಎಷ್ಟು. ಅವಳು ಟಕಟಕ ಹೇಳಿದಳು. ಮೂರನೇ ತರಗತಿ ಪಾಸಾದವಳು ನಾಲ್ಕನೆಯದಕ್ಕೇ ಅಂದು ಹೆಸರು ಬರೆದುಕೊಂಡರು. ಗುಜರಾತಿ ಬರುವುದಿಲ್ಲವಲ್ಲ ಅಂದೆ. ಗುಜರಾತಿಗೆ ಒಂದು ಚಾಪೆ, ಲೆಕ್ಕಕ್ಕೆ ಇನ್ನೊಂದು ಚಾಪೆ ಅಂದರು. ನನಗೆ ಅರ್ಥವಾಗಲಿಲ್ಲ. ಮಗಳು ಮರುದಿನ ತಾನಾಗಿಯೇ ಚೀಲ ಹೆಗಲಿಗೆ ಹಾಕಿಕೊಂಡಳು, ನನಗೆ ಅಷ್ಟೇ ಸಾಕಾಗಿತ್ತು.

ಉಪಕಾರ ತೀರಿಸುವುದು ಹೋಟೆಲಿನವನಿಗೆ ಗೊತ್ತಿರುವುದು ಒಂದೇ ರೀತಿ. ಬೆನ್ ಲೂನಾದಲ್ಲಿ ನಮ್ಮ ಬಾಗಿಲು ದಾಟುವಾಗ ಅಡ್ಡ ನಿಂತು, ಒಂದು ಮಸಾಲೆ ದೋಸೆ ತಿಂದು ಹೋಗಿ ಅಂದೆ. ಅವರು ಬಾಗಿಲ ಹತ್ತಿರದ ಬೋರ್ಡ್ ನೋಡಿದರು. ಆ ದಿನ ಏನೇನು ತಿಂಡಿ ಉಂಟು ಅಂತ ಸೀಮೆಸುಣ್ಣದಲ್ಲಿ ಬರೆಯುವ ಬೋರ್ಡ್ ಅದು. ನನ್ನ ಗುಜರಾತಿ ಅಕ್ಷರ ಕೋಳಿ ಕೆದಕಿದ ಹಾಗೆ ಇರುತ್ತದೆ ಅಂತ, ಹಾಲು ಹಾಕುವವನ ಕೈಯಲ್ಲಿ ಬರೆಸುತ್ತಿದ್ದೆ.

"ಈ ಬೋರ್ಡ್ ನಿಮ್ಮ ಮಗಳು ಬರೀಲಿ. ಆಕಿ ಬರದದ್ದು ಓದಿ ನಾ ಆರ್ಡರ್ ಕೊಡತೀನಿ. ಅಲ್ಲೀ ಮಟ ನಿಮ್ಮ ದ್ವಾಶಿ ನನಗ ಬ್ಯಾಡ್ರಿ" ಅಂದು ಗಾಡಿ ಬಿಟ್ಟರು.

ದೀಪಾವಳಿ ರಜೆಗೆ ಮೊದಲು ಪರೀಕ್ಷೆ ಬಂತು. ಹಳ್ಳಿಯಲ್ಲಿ ಜೆರಾಕ್ಸ್ ಇರಲಿಲ್ಲ. ನಾನು ದಿನಾ ಬೆಳಿಗ್ಗೆ ಮಂಜಲ್‌ಪುರಕ್ಕೆ ತರಕಾರಿಗೆ ಹೋಗುವವನು, ಮಾಡಿಸಿ ತರುತ್ತೇನೆ ಅಂದೆ. ಬೆನ್ ಕೈಯಲ್ಲಿ ಬರೆದ ಹಾಳೆ ಕೊಟ್ಟರು. ಪರೀಕ್ಷೆಯ ದಿನ ಬೆಳಿಗ್ಗೆ ಬದನೆ, ಟೊಮೇಟೊ, ಈರುಳ್ಳಿ ಚೀಲಗಳನ್ನು ಸ್ಕೂಟರಿಗೆ ನೇತು ಹಾಕಿ ಜೆರಾಕ್ಸ್ ಅಂಗಡಿಗೆ ಹೋದೆ. ಹಾಳೆಯಲ್ಲಿ ತರಕಾರಿ ಗಾಡಿಯ ಒಂದು ಚಿತ್ರ, ಗಾಡಿಯವಳೊಬ್ಬಳು, ಕೊಳ್ಳುವವಳೊಬ್ಬಳು. ಹಿಂದೆ ತಿರುಗಿಸಿದರೆ ಅದೇ ಚಿತ್ರ. ಅಂಗಡಿಯವನು, ಎರಡೂ ಕಡೆ ಒಂದೇ ಅಲ್ಲವೇ ಅಣ್ಣಾ ಅಂದ. ಬೆನ್ ಒಮ್ಮೆ ಬರೆದು ಕೆಟ್ಟದ್ದಕ್ಕೆ ಮತ್ತೊಮ್ಮೆ ಬರೆದಿರಬೇಕು ಅಂದುಕೊಂಡು ನಾನೂ ಹೌದು ಅಂದೆ. ಹಿಟ್ಟು ಚೆಲ್ಲಿದರೂ ಸಹಿಸದವನು ನಾನು, ಕಾಗದ ಯಾಕೆ ದಂಡ? ಒಂದೇ ಕಡೆ ಮಾಡಿಸಿದೆ.

ಮಾಡುತ್ತಿರುವಾಗ ಹಾಳೆಯನ್ನು ಬೆರಳಿಟ್ಟು ಓದಿ ನೋಡಿದೆ. ಚಿತ್ರದ ಕೆಳಗೆ ಮೂರು ಭಾಗ. ಮೊದಲ ಭಾಗಕ್ಕೆ ಎಲೆಯ ಗುರುತು, ಎರಡನೆಯದಕ್ಕೆ ಹೂವು, ಮೂರನೆಯದಕ್ಕೆ ಹಣ್ಣು. ಎಲೆಯಲ್ಲಿ ಬದನೆ, ಟೊಮೇಟೊ ಅಂತ ಶಬ್ದಗಳು, ಚಿತ್ರದಲ್ಲಿ ಯಾವುದು ಅಂತ ಗೆರೆ ಎಳೆಯಬೇಕು, ಬಿಟ್ಟ ಅಕ್ಷರ ತುಂಬಬೇಕು. ಹೂವಿನಲ್ಲಿ ಗಾಡಿಯವಳು ಏನು ಮಾಡುತ್ತಿದ್ದಾಳೆ ಅಂತ ಒಂದು ವಾಕ್ಯದ ಉತ್ತರ. ಹಣ್ಣಿನಲ್ಲಿ ಇಬ್ಬರು ಹೆಂಗಸರೂ ಏನು ಮಾತಾಡಿಕೊಂಡಿರಬಹುದು, ಐದು ವಾಕ್ಯ ಬರೆಯಿರಿ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ನಮಿತಾ, ನಾನು ಎಲೆ ಗುಂಪು ಅಂದದ್ದು ನೆನಪಾಯಿತು. ಆಗ ಏನೋ ಆಟದ ಗುಂಪು ಅಂದುಕೊಂಡಿದ್ದೆ. ಈಗ ತಿಳಿಯಿತು. ನನ್ನ ಮಗಳಿಗೆ ಗೆರೆ ಎಳೆಯುವ ಪ್ರಶ್ನೆ. ಅಂದರೆ ಆ ಹೆಡ್‌ಮಾಸ್ತರರು ಹೇಳಿದ್ದನ್ನೇ ಈ ಬೆನ್ ಬಾಯಲ್ಲಿ ಹೇಳದೆ ಕಾಗದದಲ್ಲಿ ಬರೆದಿದ್ದಾರೆ.

ದಾರಿಯುದ್ದಕ್ಕೂ ಸಿಟ್ಟು ಕುದಿಯಿತು. ಶಾಲೆಯ ಜಗಲಿಯಲ್ಲೇ ಶುರು ಮಾಡಿದೆ. ಕನ್ನಡದಲ್ಲಿ ಬೈದದ್ದರಿಂದ ಮಕ್ಕಳಿಗೆ ಒಂದು ಶಬ್ದವೂ ತಿಳಿಯಲಿಲ್ಲ, ಬಾಗಿಲಿಗೆ ಬಂದು ನಾಟಕ ನೋಡುವ ಹಾಗೆ ನಿಂತರು. ನಮಿತಾ ಒಬ್ಬಳು ಚಾಪೆಯ ಮೇಲೆ ತಲೆ ತಗ್ಗಿಸಿ ಕುಳಿತಿದ್ದಳು.

"ಎಲೆ ಅಂತೆ ಎಲೆ. ನನ್ನ ಮಗಳು ಎಂತ ಆಡಾ ಎಲೆ ತಿನ್ಲಿಕ್ಕೆ? ನಾಲ್ಕನೇ ಕ್ಲಾಸು ಅಂತ ಹೆಸರು ಬರ್ಕೊಂಡು ಒಂದನೇ ಕ್ಲಾಸಿನ ಪ್ರಶ್ನೆ ಕೊಡೋದಾ ನೀವು?" ಅಂದೆ.

ಜಯತೀರ್ಥರು ಹೇಳಿದ್ದ ಜೋರು ದನಿ ಬರಲೇ ಇಲ್ಲ. ಬೆನ್ ಕಟ್ಟಿನಿಂದ ಒಂದು ಹಾಳೆ ತೆಗೆದು ನೋಡಿದರು. ತಿರುಗಿಸಿದರು. ಇನ್ನೊಂದು ತೆಗೆದು ತಿರುಗಿಸಿದರು.

"ಹಿಂದಿಂದು ಎಲ್ಲೈತ್ರೀ?"

"ಹಿಂದೆಯೂ ಅದೇ ಚಿತ್ರ ಅಲ್ವಾ."

"ಚಿತ್ರ ಅದಽ ರೀ. ಹಿಂದ ಗಣಿತ ಇತ್ತು. ನಿಮ್ಮ ಮಗಳು ಅಲ್ಲಿ ಹಣ್ಣು."

ಮಂಜಲ್‌ಪುರಕ್ಕೆ ಮತ್ತೆ ಹೋಗಿ ಬರುತ್ತೇನೆ ಅಂದೆ. ಭಾಷೆ ಮೊದಲು, ಗಣಿತ ಬಿಡುವಿನ ನಂತರ. ಬೆನ್ ನನ್ನ ಸ್ಕೂಟರಿನ ಕಡೆ ನೋಡಿದರು. ಆ ಚೀಲಗಳನ್ನು ಇಳಿಸಿ, ನೀವು ಎಲ್ಲಿಯೂ ಹೋಗಬೇಡಿ, ಇಲ್ಲೇ ಜಗಲಿಯಲ್ಲಿ ಕುಳಿತು ನೋಡಿ ಅಂದರು. ಹೋಟೆಲಿನಲ್ಲಿ ಸಾಂಬಾರಿಗೆ ತರಕಾರಿ ಇಲ್ಲದೆ ಸುಶೀಲಾ ಕಾಯುತ್ತಿದ್ದಾಳೆ ಅಂತ ಗೊತ್ತಿದ್ದೂ ಕುಳಿತೆ.

ಆ ಬೆಳಿಗ್ಗೆ ನೋಡಿದ್ದನ್ನು ನಾನು ಮರೆಯುವುದಿಲ್ಲ. ಒಬ್ಬ ಮನುಷ್ಯ ಒಂದೇ ಹೊತ್ತಿಗೆ ನಾಲ್ಕು ತರಗತಿಗೆ ಪರೀಕ್ಷೆ ನಡೆಸುವುದು ಹೇಗೆ? ಹೂವಿನ ಗುಂಪಿನ, ಹಣ್ಣಿನ ಗುಂಪಿನ ಪ್ರಶ್ನೆಗಳನ್ನು ಮಕ್ಕಳು ತಾವೇ ಓದಿ, ಯಾರನ್ನೂ ಕೇಳದೆ ಬರೆಯುವ ಹಾಗೆ ಸಣ್ಣ ಸಣ್ಣ ವಾಕ್ಯದಲ್ಲಿ ಬರೆದಿದ್ದರು, ಒಂದೊಂದು ಮಾದರಿ ಉತ್ತರವನ್ನೂ ಕೊಟ್ಟಿದ್ದರು. ಅವರು ಬರೆಯುತ್ತಿರುವಾಗ ಬೆನ್ ಎಲೆ ಚಾಪೆಯ ಹತ್ತಿರ ಕುಳಿತು ಮೆಲ್ಲನೆಯ ದನಿಯಲ್ಲಿ ಪ್ರಶ್ನೆ ಓದಿ ಹೇಳಿದರು, ಬರೆಯಲು ಬಾರದ ಸಣ್ಣವರ ಉತ್ತರವನ್ನು ಬಾಯಲ್ಲೇ ಕೇಳಿ ಗುರುತು ಹಾಕಿಕೊಂಡರು. ಅದು ಮುಗಿದ ಮೇಲೆ ಎಲೆಯವರಿಗೆ ಗಾಡಿಯ ಚಿತ್ರಕ್ಕೆ ಬಣ್ಣ ತುಂಬಲು ಹೇಳಿ, ಎದ್ದು ಹಣ್ಣಿನವರ ಕಡೆ ಹೋದರು. ಒಂದು ಗುಂಪಿಗೆ ಬೆನ್ ಬೇಕಾದಾಗ ಇನ್ನೆರಡು ಗುಂಪಿಗೆ ಬೆನ್ ಬೇಡವಾಗಬೇಕು, ಪ್ರಶ್ನೆಪತ್ರಿಕೆಯೇ ಹಾಗೆ ಕಟ್ಟಿದ್ದು. ಚಿತ್ರ ಮಾತ್ರ ಎಲ್ಲರಿಗೂ ಒಂದೇ. ಆರು ವರ್ಷದವನೂ ಹತ್ತು ವರ್ಷದವಳೂ ಅದೇ ತರಕಾರಿ ಗಾಡಿಯನ್ನು ನೋಡುತ್ತಿದ್ದರು.

ಇನ್ನೊಂದು ಕಂಡೆ. ಎಲೆಯನ್ನು ಮುಗಿಸಿದವರು ಅಲ್ಲೇ ನಿಲ್ಲಬೇಕಾಗಿರಲಿಲ್ಲ. ಕೈ ಖಾಲಿ ಇದ್ದವರು ಹೂವಿಗೆ ಕೈ ಹಾಕಬಹುದು, ಬಂದಷ್ಟು ಬಂತು, ತಪ್ಪಿದರೆ ಅಂಕ ಕಳೆಯುವುದಿಲ್ಲ. ನಮಿತಾ ಗೆರೆ ಎಳೆದು ಮುಗಿಸಿ, ಪೆನ್ಸಿಲ್ ಕಚ್ಚುತ್ತಾ ಹೂವಿನ ಮೊದಲ ಪ್ರಶ್ನೆಯನ್ನು ಬಹಳ ಹೊತ್ತು ನೋಡಿದಳು. ಒಂದು ಶಬ್ದ ಬರೆದಳು. ಒಂದೇ ಶಬ್ದ. ಬೆನ್ ಅದರ ಪಕ್ಕ ಒಂದು ಸಣ್ಣ ಹೂವು ಬಿಡಿಸಿದರು.

ಬಿಡುವಿನ ಹೊತ್ತಿನಲ್ಲಿ ಗಣಿತದ ಪ್ರಶ್ನೆಗಳನ್ನು ಕಪ್ಪು ಗೋಡೆಗಳ ಮೇಲೆ ಬರೆದರು, ಒಂದೊಂದು ಗುಂಪಿಗೆ ಒಂದೊಂದು ಗೋಡೆ. ನನ್ನ ದೆಸೆಯಿಂದ ಖಾಲಿ ಉಳಿದ ಹಿಂಬದಿಯೇ ಉತ್ತರ ಬರೆಯುವ ಜಾಗವಾಯಿತು. ಎಲೆಯವರಿಗಾಗಿ ನನ್ನ ಚೀಲಗಳನ್ನು ಚಾಪೆಯ ಮೇಲೆ ಸುರುವಿದರು. ಬದನೆ ಎಷ್ಟು, ಟೊಮೇಟೊ ಎಷ್ಟು, ಯಾವುದು ಹೆಚ್ಚು, ಎಷ್ಟು ಹೆಚ್ಚು. ಸಣ್ಣವರು ನನ್ನ ತರಕಾರಿಯನ್ನು ಎಣಿಸಿ ಎಣಿಸಿ ಮೆತ್ತಗೆ ಮಾಡಿದರು. ಹೂವಿನವರಿಗೆ ಎರಡು ಕಿಲೋಗೆ ಬೆಲೆ ಎಷ್ಟು ಅಂತ. ಹಣ್ಣಿನವರಿಗೆ ಐವತ್ತು ರೂಪಾಯಿ ನೋಟು ಕೊಟ್ಟು ಮೂರು ಬಗೆ ತರಕಾರಿ ಕೊಂಡರೆ ಉಳಿದದ್ದೆಷ್ಟು ಅಂತ. ಕೊನೆಗೆ ಒಂದು ಪ್ರಶ್ನೆ, ನೀವೇ ಒಂದು ಲೆಕ್ಕ ಕಟ್ಟಿ ನೀವೇ ಉತ್ತರ ಹೇಳಿ.

ನಮಿತಾ ಎಲೆ ಚಾಪೆಯಿಂದ ಎದ್ದು ಹಣ್ಣಿನ ಗೋಡೆಗೆ ಹೋಗಿ ಕುಳಿತಳು. ಪ್ರಶ್ನೆಯನ್ನು ಬೆನ್ ಒಮ್ಮೆ ಓದಿ ಹೇಳಿದರು, ಗುಜರಾತಿ ಬಾರದ್ದಕ್ಕೆ ಲೆಕ್ಕ ಬಾರದು ಅಂತ ಆಗಬಾರದು ಅಂತ. ಅಂಕಿಗಳು ಅವಳಿಗೆ ನಮ್ಮ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತೇ ಬಂದಿದ್ದವು. ತಾನೇ ಕಟ್ಟುವ ಲೆಕ್ಕವನ್ನು ಅರ್ಧ ಕನ್ನಡ ಅರ್ಧ ಗುಜರಾತಿಯಲ್ಲಿ ಬಾಯಿಂದ ಹೇಳಿದಳು, ಬೆನ್ ಬರೆದುಕೊಂಡರು. ನಮ್ಮ ಇಡ್ಲಿ ಪಾತ್ರೆಯಲ್ಲಿ ನಾಲ್ಕು ತಟ್ಟೆ, ತಟ್ಟೆಗೆ ಒಂಬತ್ತು ಇಡ್ಲಿ, ಅಪ್ಪ ಸಿಟ್ಟಿನಲ್ಲಿ ಒಂದು ತಟ್ಟೆ ಕೆಳಗೆ ಬೀಳಿಸಿದರೆ ಪ್ಲೇಟಿಗೆ ಎರಡರಂತೆ ಎಷ್ಟು ಪ್ಲೇಟ್ ಮಾರಬಹುದು? ಹದಿಮೂರು ಪ್ಲೇಟ್, ಒಂದು ಇಡ್ಲಿ ಉಳಿಯುತ್ತದೆ, ಅದನ್ನು ನಾನು ತಿನ್ನುತ್ತೇನೆ ಅಂದಳು.

ಬೆನ್ ಜಗಲಿಗೆ ಬಂದು ಅದನ್ನು ನನಗೆ ಓದಿ ಹೇಳಿದರು. ಕನ್ನಡದಲ್ಲಿ ಹೇಳುವಾಗ ಅವರಿಗೇ ನಗು ತಡೆಯಲಿಲ್ಲ. ತರಕಾರಿ ತುಂಬಿಕೊಂಡು ಹೋಗಿ, ಇವತ್ತಿನ ಸಾಂಬಾರು ನಮ್ಮ ಮಕ್ಕಳ ಎಂಜಲು ಕೈಯದ್ದು ಅಂದರು. ಸುಶೀಲಾ ಅಂದು ಬರೀ ಬೇಳೆಯಲ್ಲಿ ಸಾಂಬಾರು ಇಳಿಸಿ ಗಿರಾಕಿಗಳಿಗೆ ಹಾಕಿ ಆಗಿತ್ತು. ನನಗೆ ಬಿದ್ದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಜನವರಿಯಲ್ಲಿ ತಾಲೂಕಿನಿಂದ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಹಳೆಯ ಉತ್ತರಪತ್ರಿಕೆಗಳನ್ನು ನೋಡಿದರು. ನಾಲ್ಕನೇ ತರಗತಿಯ ಹುಡುಗಿ, ಗುಜರಾತಿಯಲ್ಲಿ ಚಿತ್ರಕ್ಕೆ ಗೆರೆ ಎಳೆದಿದ್ದಾಳೆ, ಪಾಸು ಅಂತ ಹೇಗೆ ಹೇಳುತ್ತೀರಿ ಅಂತ ಕೇಳಿದರು. ಬೆನ್ ಪಾಸು ಅಂತ ಬರೆದಿರಲಿಲ್ಲ. ಪ್ರತಿ ಮಗುವಿನ ಅಂಕದ ಪಕ್ಕ ಎಲೆಯೋ ಹೂವೋ ಹಣ್ಣೋ ಅಂತ ಗುರುತು ಹಾಕಿದ್ದರು. ಎಲೆಯ ಹತ್ತು ಅಂಕ, ಹಣ್ಣಿನ ಹತ್ತು ಅಂಕ ಒಂದೇ ಅಲ್ಲ, ಮಗು ಎಲ್ಲಿದೆ ಅಂತ ತಿಳಿಯಲು ಈ ಗುರುತು, ಮೇಲೆ ಹತ್ತಿಸಲು ಈ ಪತ್ರಿಕೆ ಅಂದರು. ಸಾಹೇಬರು ಒಪ್ಪಿದರೂ ಒಪ್ಪದವರ ಹಾಗೆ, ವರ್ಷದ ನಡುವೆ ಏನಾದರೂ ಮಾಡಿ, ಆದರೆ ಈ ಶಾಲೆ ನಾಲ್ಕಕ್ಕೆ ಮುಗಿಯುತ್ತದೆ, ಏಪ್ರಿಲಿನಲ್ಲಿ ನಾಲ್ಕನೆಯವರು ನಾಲ್ಕನೆಯ ಮಟ್ಟದ ಪ್ರಶ್ನೆಗೆ ಉತ್ತರಿಸಲೇಬೇಕು, ಇಲ್ಲದಿದ್ದರೆ ಐದನೆಯದಕ್ಕೆ ಕಳಿಸಲು ನಾನು ಸಹಿ ಹಾಕುವುದಿಲ್ಲ ಅಂದರು. ಪರ್ಮಾರ್ ಮಾಸ್ತರರು ಇದನ್ನೆಲ್ಲ ಸಂಜೆ ನಮ್ಮ ಹೋಟೆಲಿಗೆ ಬಂದು ಹೇಳಿದರು.

ನಾನು ಸಾಹೇಬರ ಕಚೇರಿಗೆ ಹೊರಟೇ ಬಿಟ್ಟಿದ್ದೆ. ಸುಶೀಲಾ ಸ್ಕೂಟರಿನ ಕೀಲಿಯನ್ನು ಬ್ಲೌಸಿನೊಳಗೆ ಹಾಕಿಕೊಂಡಳು. ಮರುದಿನ ಬೆನ್ ಕೂಡ ಹೋಗಬೇಡಿ ಅಂತಲೇ ಹೇಳಿದರು, ಸಾಹೇಬರು ಹೇಳಿದ್ದು ತಪ್ಪಲ್ಲ, ಏಪ್ರಿಲ್ ತನಕ ಸಮಯ ಇದೆ, ನೀವು ಬಾಯಿ ಬಿಡದಿದ್ದರೆ ಅದೇ ಸಹಾಯ ಅಂತ. ಒಂದನ್ನು ಮಾತ್ರ ಅವರು ಸಾಹೇಬರಲ್ಲಿ ಕೇಳಿ ಒಪ್ಪಿಸಿಕೊಂಡಿದ್ದರು. ಪತ್ರಿಕೆ ಶಾಲೆಯದೇ ಇರುತ್ತದೆ, ಹಣ್ಣಿನ ಭಾಗ ಪೂರ್ತಿ ನಾಲ್ಕನೆಯ ಮಟ್ಟದ್ದು, ಸಾಹೇಬರೇ ನೋಡಿ ಒಪ್ಪಿದ್ದು. ಆದರೆ ಅದರ ಮುಂದೆ ಎಲೆ, ಹೂವು ಇದ್ದೇ ಇರುತ್ತವೆ, ನಾಲ್ಕನೆಯವರೂ ಮೆಟ್ಟಿಲು ಹತ್ತಿಯೇ ಹೋಗಲಿ. ಒಮ್ಮೆಲೇ ದೊಡ್ಡ ಪ್ರಶ್ನೆ ಎದುರಿಗೆ ನಿಂತರೆ ಕೈ ನಡುಗುತ್ತದೆ, ಬರುವ ಎರಡು ಪ್ರಶ್ನೆ ಬರೆದ ಕೈ ನಡುಗುವುದಿಲ್ಲ ಅಂತ ಅವರ ಅನುಭವ.

ಆ ಮೂರು ತಿಂಗಳು ಪ್ರತಿ ಶನಿವಾರ ಒಂದು ಸಣ್ಣ ಪರೀಕ್ಷೆ. ಜೆರಾಕ್ಸ್ ನನ್ನದೇ, ಎರಡೂ ಕಡೆ, ನಾಲ್ಕು ಸಲ ತಿರುಗಿಸಿ ನೋಡಿ. ತರಕಾರಿ ಗಾಡಿಯ ಚಿತ್ರ ಹೋಗಿ ಬಸ್ ನಿಲ್ದಾಣ ಬಂತು, ಆಮೇಲೆ ಗಾಳಿಪಟದ ಹಬ್ಬ, ಆಮೇಲೆ ಹಾಲಿನ ಡೈರಿ. ನಮಿತಾ ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ ಗುಜರಾತಿಯಲ್ಲೂ ಹೂವಿನ ಚಾಪೆಗೆ ಹೋದಳು. ಅವಳ ಜಾಗಕ್ಕೆ ಬಂದದ್ದು ಜ್ವರದಿಂದ ಬಹಳ ದಿನ ಶಾಲೆ ತಪ್ಪಿಸಿದ್ದ ಒಬ್ಬ ಹುಡುಗಿ. ಚಾಪೆ ಯಾರಿಗೂ ಖಾಯಂ ಅಲ್ಲ ಅಂತ ಆಗ ನನಗೆ ಪೂರ್ತಿ ತಿಳಿಯಿತು.

ಏಪ್ರಿಲಿನ ಪರೀಕ್ಷೆಗೆ ಸಾಹೇಬರೇ ಬಂದು ಕುಳಿತರು. ನಾನೂ ಜೆರಾಕ್ಸ್ ಕಟ್ಟು ಕೊಟ್ಟು ಜಗಲಿಯಲ್ಲೇ ನಿಂತೆ. ಹಣ್ಣಿನ ಕೊನೆಯ ಪ್ರಶ್ನೆ, ನಿಮ್ಮ ಮನೆಯಲ್ಲಿ ನಡೆಯುವ ಒಂದು ಕೆಲಸದ ಬಗ್ಗೆ ಐದು ವಾಕ್ಯ ಬರೆಯಿರಿ. ಉಳಿದವರು ಹಾಲು ಕರೆಯುವುದು, ಹತ್ತಿ ಬಿಡಿಸುವುದು ಬರೆದರು. ನಮಿತಾ ಎಲೆ ಮುಗಿಸಿದಳು, ಹೂವು ಮುಗಿಸಿದಳು. ಹಣ್ಣಿಗೆ ಬಂದಾಗ ಒಮ್ಮೆ ನನ್ನ ಕಡೆ ನೋಡಿದಳು. ನಾನು ಬೇರೆ ಕಡೆ ತಿರುಗಿದೆ, ನನ್ನ ಮುಖ ನೋಡಿ ಯಾರಿಗೂ ಧೈರ್ಯ ಬಂದದ್ದಿಲ್ಲ. ತಿರುಗಿ ನೋಡಿದಾಗ ಬಗ್ಗಿ ಬರೆಯುತ್ತಿದ್ದಳು.

ಗಂಟೆ ಹೊಡೆದ ಮೇಲೆ ಸಾಹೇಬರು ಅವಳ ಹಾಳೆಯನ್ನೇ ಮೊದಲು ತೆಗೆದುಕೊಂಡರು. ನೀನೇ ಓದು ಅಂದರು. ಅವಳು ನಿಂತು ಓದಿದಳು, ನಿಧಾನವಾಗಿ, ಬೆರಳಿಟ್ಟು. ನಮ್ಮ ಮನೆಯಲ್ಲಿ ಸಂಜೆ ಅಕ್ಕಿ, ಉದ್ದು ನೆನೆ ಹಾಕುತ್ತಾರೆ. ಅಮ್ಮ ಗ್ರೈಂಡರಿಗೆ ಹಾಕುತ್ತಾಳೆ. ರಾತ್ರಿ ಹಿಟ್ಟು ಉಬ್ಬುತ್ತದೆ. ಅವಸರ ಮಾಡಿದರೆ ಇಡ್ಲಿ ಗಟ್ಟಿಯಾಗುತ್ತದೆ. ಅಪ್ಪನಿಗೆ ಅವಸರ ಜಾಸ್ತಿ.

ಸಾಹೇಬರು ಒಂದೆರಡು ಕಡೆ ಕೊಂಬು ಇಳಿ ತಪ್ಪಿದ್ದಕ್ಕೆ ಕೆಂಪು ಗೆರೆ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, ಈ ಅವಸರದ ಅಪ್ಪ ನೀವೇನಾ ಅಂತ ಕೇಳಿದರು. ಹೌದು ಸಾಹೇಬ ಅಂದೆ. ಐದನೆಯದಕ್ಕೆ ಕಳಿಸಿ ಅಂದರು. ಹೋಗುವಾಗ ಖಾಲಿ ಪ್ರಶ್ನೆಪತ್ರಿಕೆಯ ಒಂದು ಪ್ರತಿಯನ್ನು ಮಡಚಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಬೇರೆ ಶಾಲೆಯವರಿಗೂ ತೋರಿಸುತ್ತೇನೆ ಅಂದರಂತೆ. ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ.

ಬೆನ್ ಗೋಡೆಯ ಮೇಲಿನ ಬರಹಗಳನ್ನು ಒರೆಸುತ್ತಾ ನಿಂತಿದ್ದರು. ನಾನು ಕೈ ಮುಗಿದೆ. ಸೆರಗಿನಿಂದ ಮುಖ ಒರೆಸಿಕೊಂಡರು, ಕೆನ್ನೆಯೆಲ್ಲ ಸುಣ್ಣವಾಯಿತು.

"ಈಗ ದ್ವಾಶಿ ತಿನ್ನಬೇಕಲ್ವಾ ಬೆನ್?" ಅಂದೆ.

"ಬೋರ್ಡ್ ಬರದಾಳೇನ್ರೀ ಇನ್ನಾ? ಐದು ವಾಕ್ಯ ಬರದಾಳ. ಬೋರ್ಡ್ ಬ್ಯಾರೆ. ಜೂನ್‌ದಾಗ ಬರತೀನಿ, ಕಾಯಿ ಚಟ್ನಿ ಮಾಡಿಸಿ ಇಡ್ರಿ."

ಮೇ ತಿಂಗಳಲ್ಲಿ ಜಯತೀರ್ಥರಿಗೆ ಸೂರತ್ತಿಗೆ ವರ್ಗವಾಯಿತು, ಹಜೀರಾದ ಕಡೆಯ ಶಾಖೆಗೆ. ಬೆನ್‌ಗೆ ಆಗಿನ್ನೂ ನೌಕರಿ ಖಾಯಂ ಆಗಿರಲಿಲ್ಲ, ಅಂಥ ನೌಕರಿಗೆ ಜಿಲ್ಲೆ ದಾಟಿ ವರ್ಗ ಸಿಗುತ್ತಿರಲಿಲ್ಲ. ಅವರ ಮಗಳು ಮೇದಿನಿ ಇನ್ನೂ ಸಣ್ಣವಳು, ಮನೆ ಎರಡು ಕಡೆ ಮಾಡಲು ಆಗಲಿಲ್ಲ. ಕೆಲಸ ಬಿಟ್ಟು ಹೋದರು. ನಾವು ಆಗ ಊರಿಗೆ ಹೋಗಿದ್ದೆವು. ಹಿಂದಿರುಗಿ ಬಂದು ಬಾಗಿಲು ತೆರೆದಾಗ ಹಾಲಿನವನು ಸುದ್ದಿ ಹೇಳಿದ.

ಜೂನಿನಲ್ಲಿ, ಐದನೇ ತರಗತಿಗೆ ಹೋಗುವ ಮೊದಲ ದಿನ, ನಮಿತಾ ಸ್ಟೂಲ್ ಹಾಕಿ ನಿಂತು ಬೋರ್ಡ್ ಬರೆದಳು. ಇಡ್ಲಿ, ಮೆದು ವಡೆ, ಮಸಾಲೆ ದೋಸೆ, ಉಪ್ಪಿಟ್ಟು. ಎಲ್ಲದರ ಕೆಳಗೆ ಮೂಲೆಯಲ್ಲಿ ಒಂದು ಎಲೆ, ಒಂದು ಹೂವು, ಒಂದು ಹಣ್ಣು ಬಿಡಿಸಿದಳು. ಇದೇನು ಅಣ್ಣಾ, ಸಲಾಡಾ ಅಂತ ಗಿರಾಕಿಗಳು ಕೇಳಿದರು.

ಒಂದು ಭಾನುವಾರ ಹಿಟ್ಟು, ಚಟ್ನಿ, ಪಲ್ಯ ಎಲ್ಲ ಡಬ್ಬಿಗೆ ತುಂಬಿಕೊಂಡು ರೈಲಿನಲ್ಲಿ ಸೂರತ್ತಿಗೆ ಹೋದೆ, ಅವರ ಮನೆಯಲ್ಲೇ ಕಲ್ಲಿಟ್ಟು ದೋಸೆ ಹೊಯ್ಯುವ ಲೆಕ್ಕ. ವಿಳಾಸ ಹುಡುಕಿ ಹೋದರೆ ಬೀಗ. ಧಾರವಾಡಕ್ಕೆ ಮದುವೆಗೆ ಹೋಗಿದ್ದಾರೆ ಅಂದ ವಾಚ್‌ಮನ್. ಹೇಳದೆ ಬಂದದ್ದು ಯಾರ ತಪ್ಪು ಅಂತ ಅವನ ಹತ್ತಿರ ಜಗಳವಾಡಿ, ಕೊನೆಗೆ ಡಬ್ಬಿಯನ್ನು ಅವನಿಗೇ ಕೊಟ್ಟು ಬಂದೆ. ಮುಂದಿನ ವಾರ ಬೆನ್ ಫೋನ್ ಮಾಡಿದರು. ಆಗ ಕೇಳಿದೆ ಜಯತೀರ್ಥರು ಹೇಳಿದ್ದ ಆ ಜೋರು ದನಿಯನ್ನು.

"ಬೋರ್ಡ್ ಓದಲಾರದ ನಾ ಹೆಂಗ ತಿನ್ನಲ್ರೀ? ಮಾತಂದ್ರ ಮಾತು. ನಾನಽ ಬರತೀನಿ, ನೀವು ಡಬ್ಬಿ ಹೊತ್ಕೊಂಡು ಅಡ್ಡ್ಯಾಡಬ್ಯಾಡ್ರಿ."

ಬರಲಿಲ್ಲ. ಸೂರತ್ತಿನಿಂದ ಜಯತೀರ್ಥರಿಗೆ ಬೇರೆ ರಾಜ್ಯಕ್ಕೆ ವರ್ಗವಾಯಿತು ಅಂತ ಬ್ಯಾಂಕಿನವರೊಬ್ಬರು ಹೇಳಿದರು, ಆ ನಂಬರಿಗೆ ಫೋನ್ ಮಾಡಿದರೆ ಈಗ ಯಾರೋ ಬೇರೆಯವರು ಎತ್ತುತ್ತಾರೆ. ನಮಿತಾ ಈಗ ಎಂಟನೇ ತರಗತಿ. ಶಾಲೆಗೆ ಹೊರಡುವ ಮೊದಲು ಬೋರ್ಡ್ ಅವಳೇ ಬರೆಯುತ್ತಾಳೆ, ಮೂಲೆಯ ಮೂರು ಚಿತ್ರ ಇವತ್ತಿಗೂ ಬಿಟ್ಟಿಲ್ಲ. ಬಾಗಿಲ ಎದುರು ಲೂನಾ ನಿಂತ ಸದ್ದಾದರೆ ನಾನು ಕಲ್ಲಿನ ಮುಂದಿನಿಂದ ಕತ್ತು ಚಾಚಿ ನೋಡುತ್ತೇನೆ. ಇಷ್ಟು ವರ್ಷದಲ್ಲಿ ಎಷ್ಟು ದೋಸೆ ಹೊಯ್ದಿದ್ದೇನೋ ಲೆಕ್ಕವಿಲ್ಲ, ಹೊಯ್ಯದೆ ಉಳಿದದ್ದು ಆ ಒಂದು.